ವಾರಕ್ಕೊಂದು ವಿಡಿಯೊ: ನಮ್ಮ ಅಡುಗೆ ಚಾನೆಲ್‌ನ ಎಡಿಟಿಂಗ್ ಕೆಲಸ ಸಾಗುವ ರೀತಿ

ಸೋಮವಾರದಿಂದ ಎಡಿಟಿಂಗ್ ನಿಮ್ಮದು. ಶನಿವಾರ ಬೆಳಿಗ್ಗೆ 10ಕ್ಕೆ ವಿಡಿಯೊ ಹೋಗಲೇಬೇಕು. ಮೊದಲು ನನಗೆ ಒಂದು ವಿಡಿಯೊಗೆ ಮೂರು ರಾತ್ರಿ ಹಿಡಿಯುತ್ತಿತ್ತು, ಈಗ ಒಂದು ಸಂಜೆ ಸಾಕು. ಕೈ ಚುರುಕಾಗಿದ್ದಕ್ಕಿಂತ ಜಾಸ್ತಿ, ಹುಡುಕಾಟ ತಪ್ಪಿದ್ದರಿಂದ ಹೀಗಾಯಿತು.

ಶೂಟಿಂಗ್: ತಿಂಗಳಿಗೆ ಎರಡು ಭಾನುವಾರ, ದಿನಕ್ಕೆ ಎರಡು ಅಡುಗೆ. ಕಿಟಕಿ ಬೆಳಕು 9ರಿಂದ 12ರವರೆಗೆ ಚೆನ್ನಾಗಿರುತ್ತದೆ, ಅಷ್ಟರೊಳಗೆ ಎರಡೂ ಮುಗಿಯಬೇಕು. ನೆನೆಹಾಕುವುದು, ಕಾಯಿ ಒಡೆದಿಡುವುದು ಶನಿವಾರ ರಾತ್ರಿಯೇ. ಎರಡನೇ ಅಡುಗೆಗೆ ಮುಂಚೆ ಅಮ್ಮ ಸೀರೆ ಬದಲಿಸುತ್ತಾರೆ. ಫೋನಿನಲ್ಲಿ 25 ಎಫ್‌ಪಿಎಸ್, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್, ಶಟರ್ ಅದಕ್ಕೆ ಹೊಂದದಿದ್ದರೆ ಟ್ಯೂಬ್‌ಲೈಟ್ ಮಿಣುಕುವುದು ಕಾಣುತ್ತದೆ.

ಮಾತು ತಪ್ಪಿದರೆ ಅಮ್ಮ ಎರಡು ಸಲ ಚಪ್ಪಾಳೆ ತಟ್ಟಿ ಮತ್ತೆ ಹೇಳುತ್ತಾರೆ. ಆಡಿಯೊದಲ್ಲಿ ಆ ಜಾಗ ಜೋಡಿ ಮೊನೆಯಾಗಿ ಎದ್ದು ಕಾಣುತ್ತದೆ. ಎಲ್ಲವನ್ನೂ ಸುಮ್ನೆ ಕೇಳುತ್ತಾ ಕೂರಬೇಡಿ. ಮೊನೆ ನೋಡಿ, ಅದರ ಹಿಂದಿನ ವಾಕ್ಯ ತೆಗೆಯಿರಿ.

ಟೆಂಪ್ಲೇಟ್: DaVinci Resolveನಲ್ಲಿ `00_TEMPLATE` ಎಂಬ ಟೈಮ್‌ಲೈನ್ ಇದೆ. ಅದನ್ನು ನಕಲು ಮಾಡಿಕೊಂಡೇ ಶುರು ಮಾಡಿ. ಹೆಸರು ಪಟ್ಟಿ, ಅಳತೆಯ ಅಕ್ಷರಗಳು, ಸಂಗೀತದ ಮಟ್ಟ, ಕೊನೆಯ 20 ಸೆಕೆಂಡಿನ ಎಂಡ್ ಸ್ಕ್ರೀನ್ ಜಾಗ, ಎಲ್ಲ ಅದರಲ್ಲಿವೆ. ಮೊದಲ ಹತ್ತು ಸೆಕೆಂಡು ಮಾತ್ರ ಖಾಲಿ ಬಿಟ್ಟಿದ್ದೇನೆ. ಅದನ್ನು ಪ್ರತಿ ಅಡುಗೆಗೂ ಹೊಸದಾಗಿ ಕಟ್ಟಬೇಕು, ನೋಡುವವರು ಉಳಿಯುವುದು ಅಲ್ಲೇ ಅಲ್ವಾ?

ಶಾರ್ಟ್‌ಕಟ್: ಹತ್ತಾರು ಕಲಿಯುವುದು ಬೇಡ. ಓಡಿಸಲು `J` `K` `L`, ತುಂಡು ಮಾಡಲು `Ctrl+B`, ಬೇಡದ ತುಂಡನ್ನು ಖಾಲಿ ಜಾಗ ಉಳಿಯದಂತೆ ತೆಗೆಯಲು `Delete`. `L` ಎರಡು ಸಲ ಒತ್ತಿ ದುಪ್ಪಟ್ಟು ವೇಗದಲ್ಲಿ ನೋಡುವುದು ರೂಢಿಯಾದರೆ ಮೊದಲ ಸುತ್ತಿನ ಸಮಯ ಅರ್ಧ ಉಳಿಯುತ್ತದೆ.

ಬಿ-ರೋಲ್: ಇದು ನನಗೆ ತುಂಬಾ ಇಷ್ಟದ ಭಾಗ. ಸಾಸಿವೆ ಸಿಡಿಯುವುದು, ಕರಿಬೇವು ಎಣ್ಣೆಗೆ ಬೀಳುವುದು, ರೊಟ್ಟಿ ಉಬ್ಬುವುದು, ಅನ್ನದ ಹಬೆ. ಎಲ್ಲ Power Binsನಲ್ಲಿವೆ, ಹಾಗಾಗಿ ಯಾವ ಪ್ರಾಜೆಕ್ಟ್ ತೆರೆದರೂ ಸಿಗುತ್ತವೆ. ಹೆಸರು ಹೀಗಿರಲಿ:

```
oggarane_sasive_kabbina-banale_01
```

ಬಾಣಲೆಯ ಹೆಸರು ಯಾಕೆ ಅಂದರೆ, ಒಮ್ಮೆ ಕಬ್ಬಿಣದ ಬಾಣಲೆಯ ಅಡುಗೆಗೆ ಸ್ಟೀಲ್ ಬಾಣಲೆಯ ಒಗ್ಗರಣೆ ಸೇರಿಸಿಬಿಟ್ಟೆ. ಬಳೆಯ ಬಣ್ಣವೂ ಬೇರೆ ಇತ್ತು. "ಇದು ನಿಮ್ಮ ಅಡುಗೇನಾ?" ಎಂದು ಒಬ್ಬರು ಕೇಳಿದರು, ನನಗೆ ತುಂಬಾ ಬೇಜಾರಾಯಿತು. ಅಡುಗೆಯ ಹದ ತೋರಿಸುವ ಶಾಟ್ ಯಾವತ್ತೂ ಆ ದಿನದ್ದೇ ಇರಬೇಕು. ಸಂಗ್ರಹದ್ದು ಮಾತಿನ ನಡುವೆ ಉಸಿರಾಡಲು ಮಾತ್ರ. ಶೂಟಿಂಗ್ ಇರುವ ಪ್ರತಿ ಭಾನುವಾರ ಐದು ಹೊಸ ತುಣುಕು ಸೇರಿಸಿ.

ವಾರದ ಲೆಕ್ಕ: ಸೋಮವಾರ ಫೈಲ್ ಜೋಡಿಸಿ ಪ್ರಾಕ್ಸಿ ಹಾಕಿಡಿ. ಬುಧವಾರ ಕತ್ತರಿಸುವುದು, ಗುರುವಾರ ಬಿ-ರೋಲ್ ಮತ್ತು ಅಕ್ಷರ. ಶುಕ್ರವಾರ ಸಂಜೆ 6ಕ್ಕೆ ಅಮ್ಮ ತಮ್ಮ ಫೋನಿನಲ್ಲಿ ಪೂರ್ತಿ ನೋಡುತ್ತಾರೆ, ಉಪ್ಪಿನ ಅಳತೆ ತಪ್ಪಾಗಿದ್ದರೆ ಅವರೇ ಹಿಡಿಯುತ್ತಾರೆ. ಅವರು ಸರಿ ಅಂದ ಮೇಲೆಯೇ ಶೆಡ್ಯೂಲ್ ಮಾಡಿ.