ಬೆಳಗಿನ ಜಾವದ ಮಾತುಗಳು: ನೈಟ್ ಡ್ಯೂಟಿ ಸಿಸ್ಟರ್‌ಗಳಿಗೆ, ಬ್ರದರ್‌ಗಳಿಗೆ

ಕಲಬುರಗಿಯ ನಮ್ಮ ವಾರ್ಡಿನ ಡ್ಯೂಟಿ ರೂಮಿನಲ್ಲಿ ಒಂದು ಬಿಳಿ ಬೋರ್ಡ್ ಇದೆ. ಹಗಲು ಅದರ ತುಂಬಾ ಬೆಡ್ ನಂಬರ್, ಸ್ಯಾಂಪಲ್, ಸ್ಕ್ಯಾನಿಂಗ್ ಲೆಕ್ಕ. ರಾತ್ರಿ ಮಾತ್ರ ಕೆಳಗಿನ ಎಡ ಮೂಲೆ ನಮ್ಮದು. ಬೆಳಗಿನ ಜಾವ ಯಾರಿಗಾದರೂ ಒಂದು ಮಾತು ಹೊಳೆದರೆ ಅಲ್ಲಿ ಬರೆಯುತ್ತೇವೆ. ಎಂಟಕ್ಕೆ ಹಗಲಿನವರು ಬಂದು ಒರೆಸುತ್ತಾರೆ. ಒರೆಸುವ ಮುಂಚೆ ನಾನು ನೋಟ್‌ಬುಕ್ಕಿಗೆ ಇಳಿಸಿಟ್ಟವು ಇವು. ಅರ್ಧ ನನ್ನವು, ಅರ್ಧ ಜೊತೆಯವರವು. ಸ್ಟೇಟಸ್‌ಗೆ ಹಾಕಿಕೊಳ್ಳಿ, ನಿಮ್ಮ ಬೋರ್ಡಿನಲ್ಲೂ ಬರೆಯಿರಿ.

ಮೊದಲು ನಾಲ್ಕು ಗಂಟೆಯ ಮಾತುಗಳು. ಅದೇ ಕಷ್ಟದ ಹೊತ್ತು. ಮೈಯ ಬಿಸಿ ಅತಿ ಕೆಳಗೆ ಇಳಿಯುವುದು ಆಗಲೇ. ಅದಕ್ಕೇ ಮೇ ತಿಂಗಳ ಸೆಕೆಯಲ್ಲೂ ನಮಗೆ ಒಮ್ಮೊಮ್ಮೆ ಚಳಿ ಹತ್ತಿ, ಶಾಲು ಹುಡುಕುತ್ತೇವೆ. ದಮ್ಮು ಇರುವವರಿಗೆ ಉಸಿರು ಕಟ್ಟುವುದೂ ಈ ಹೊತ್ತಿನಲ್ಲೇ ಜಾಸ್ತಿ. ನಮ್ಮ ಮೈ ಮಲಗು ಅನ್ನುವಾಗಲೇ ಅವರಿಗೆ ನಾವು ಬೇಕಾಗುತ್ತೇವೆ.

*ನಿದ್ದೆ ಕಣ್ಣಲ್ಲಿದೆ, ಎಚ್ಚರ ಕೈಯಲ್ಲಿದೆ.*

*ನಾಲ್ಕು ಗಂಟೆಗೆ ಗಡಿಯಾರವೂ ತೂಕಡಿಸುತ್ತದೆ. ನಾನು ಎದ್ದು ಒಂದು ಸುತ್ತು ಹಾಕಿ ಬರ್ತೀನಿ.*

*ಕಲಬುರಗಿ ಬಿಸಿಲು ಕುಡಿದು ಬೆಳೆದ ಜೀವ ಇದು. ಒಂದು ರಾತ್ರಿಗೆ ಬಾಡೋದಿಲ್ಲ.*

*ಅಪ್ಪ ಕಣದಲ್ಲಿ ತೊಗರಿ ರಾಶಿ ಕಾದ. ನಾನು ವಾರ್ಡಿನಲ್ಲಿ ಉಸಿರು ಕಾಯ್ತೀನಿ. ರಾತ್ರಿ ಕಾವಲು ನಮ್ಮ ಮನೆತನದ ಕೆಲಸ.*

ಈ ಕೊನೆಯದನ್ನು ಬರೆದವಳು ಚಿತ್ತಾಪುರ ಕಡೆಯ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದವಳು. ಬರೆದು ನಾಚಿಕೊಂಡು ಅಳಿಸಲು ಹೋದಳು. ನಾನೇ ಕೈ ಹಿಡಿದು ತಡೆದೆ. ನಮ್ಮ ಕಡೆಯ ಎಷ್ಟು ಜನ ಸಿಸ್ಟರ್‌ಗಳು ತೊಗರಿ, ಜೋಳದ ದುಡ್ಡಿನಲ್ಲೇ ನರ್ಸಿಂಗ್ ಓದಿದವರು ಅಲ್ವಾ? ರಾಶಿ ಕಾಯುವವನು ನಿದ್ದೆ ಹೋದರೆ ವರ್ಷದ ಅನ್ನ ಹೋಗುತ್ತದೆ. ಆ ಹುಡುಗಿಗೆ ಎಚ್ಚರ ಇರುವುದನ್ನು ಕಾಲೇಜು ಕಲಿಸುವ ಮುಂಚೆ ಅಪ್ಪ ಕಲಿಸಿದ್ದಾನೆ.

ಸಲೈನ್ ಮೇಲೆ ಬರೆದವು ಬಹಳ ಇವೆ. ಹೊರಗಿನವರಿಗೆ ಅದು ತೂಗುಹಾಕಿದ ಬಾಟಲಿ. ನಮಗೆ ಅದು ಲೆಕ್ಕ. ಒಂದು ಎಂಎಲ್‌ಗೆ 20 ಹನಿ ಬೀಳುವ ಸೆಟ್ ಇದ್ದರೆ, ಒಂದು ಲೀಟರ್ 8 ಗಂಟೆಯಲ್ಲಿ ಹೋಗಬೇಕೆಂದರೆ ನಿಮಿಷಕ್ಕೆ ಸುಮಾರು 42 ಹನಿ. ಕೈಗಡಿಯಾರ ಒಂದು ಕೈಯಲ್ಲಿ, ಚಕ್ರ ಇನ್ನೊಂದು ಕೈಯಲ್ಲಿ. ತುಟಿಯಲ್ಲೇ ಎಣಿಸುತ್ತೇವೆ. ಪೇಷಂಟಿನವರು ನೋಡಿ ಸಿಸ್ಟರ್ ಜಪ ಮಾಡ್ತಾರೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ತಪ್ಪೇನಿಲ್ಲ.

*ನಿಮಿಷಕ್ಕೆ 42 ಹನಿ. ಇದೇ ನನ್ನ ಜಪ, ಇದೇ ನನ್ನ ಮಣಿ.*

*ಹನಿ ಎಣಿಸಿದವಳಿಗೆ ಗೊತ್ತು, ರಾತ್ರಿ ಎಷ್ಟು ಉದ್ದ ಅಂತ.*

*ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿದೆ. ಅಜ್ಜನ ಬೆನ್ನಿನ ಮೇಲೆ ಒಂದು ಗಾಯವೂ ಇಲ್ಲ. ನನ್ನ ಮೆಡಲ್ ಅದು.*

ಮಗ್ಗಲು ಬದಲಿಸುವುದರ ಬಗ್ಗೆ ಒಂದು ಮಾತು ಹೇಳಲೇಬೇಕು. ಪಾರ್ಶ್ವವಾಯು ಆಗಿ ತಾನೇ ಹೊರಳಲಾಗದ ಮನುಷ್ಯ ಒಂದೇ ಕಡೆ ಮಲಗಿದರೆ ಸೊಂಟದ ಹತ್ತಿರ ಚರ್ಮ ಕೆಂಪಾಗಿ, ಆಮೇಲೆ ಹುಣ್ಣಾಗುತ್ತದೆ. ಹುಣ್ಣಾದರೆ ಎಲ್ಲರಿಗೂ ಕಾಣುತ್ತದೆ. ಆಗದಿದ್ದರೆ ಯಾರಿಗೂ ಏನೂ ಕಾಣುವುದಿಲ್ಲ. ಆ ಏನೂ ಕಾಣದೇ ಇರುವುದೇ ನಮ್ಮ ರಾತ್ರಿಯ ದುಡಿಮೆ. ಈ ಕೆಲಸದ ಬಗ್ಗೆ ನನಗಿರುವ ಹೆಮ್ಮೆ ದೊಡ್ಡದು, ಸುಮ್ನೆ ಬಾಯಿ ಮಾತಲ್ಲ.

ಒಂದು ಮಾತಿಗೆ ಅದರ ಕಥೆಯನ್ನೂ ಹೇಳುತ್ತೇನೆ. ಮಳೆಗಾಲದ ಒಂದು ರಾತ್ರಿ, ಜೇವರ್ಗಿ ಕಡೆಯಿಂದ ಹಾವು ಕಚ್ಚಿದ ಹುಡುಗನನ್ನು ಕರೆತಂದರು. ಹೊಲದಲ್ಲಿ ಕಚ್ಚಿತ್ತು. ಕಾಲು ಮೊಣಕಾಲಿನವರೆಗೆ ಬಾತಿತ್ತು. ವಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಇಂಥವರಿಗೆ ಒಂದು ಪರೀಕ್ಷೆ ಇದೆ, ಬಹಳ ಸರಳ. ಎರಡು ಎಂಎಲ್ ರಕ್ತ ತೆಗೆದು, ಒಣಗಿದ ಸ್ವಚ್ಛ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಡಬೇಕು. ಆಮೇಲೆ ಮೆಲ್ಲಗೆ ಬಾಗಿಸಿ ನೋಡಬೇಕು. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ಇನ್ನೂ ರಕ್ತದಲ್ಲಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಬಂದಾಗ ನೋಡಿದರೆ ಹರಿಯಿತು. ಡಾಕ್ಟರ್ ವಿಷದ ಮದ್ದು ಶುರು ಮಾಡಿದರು. ಆರು ತಾಸಿನ ಮೇಲೆ, ಬೆಳಗಿನ ಐದಕ್ಕೆ ಮತ್ತೆ ಪರೀಕ್ಷೆ. ಟ್ಯೂಬನ್ನು ಕಿಟಕಿ ಕಟ್ಟೆಯ ಮೇಲಿಟ್ಟು ಎದುರಿಗೆ ನಿಂತೆ. ಹುಡುಗನ ಅವ್ವ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಇಪ್ಪತ್ತು ನಿಮಿಷ ಆಯಿತು. ಬಾಗಿಸಿದೆ. ರಕ್ತ ಅಂಟಿಕೊಂಡು ನಿಂತಿತ್ತು, ಗಟ್ಟಿ ಮೊಸರಿನ ಹಾಗೆ. "ಏನಾತು ಯವ್ವಾ?" ಅಂದಳು. "ಗಟ್ಟಿ ಆಗೇದ ನೋಡ್ರಿ ಅವ್ವಾ" ಅಂದೆ. ಅವಳಿಗೆ ಟ್ಯೂಬಿನ ಲೆಕ್ಕ ಗೊತ್ತಿಲ್ಲ, ನನ್ನ ದನಿ ಗೊತ್ತಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವತ್ತು ಬೋರ್ಡಿನಲ್ಲಿ ಬರೆದದ್ದು:

*ಟ್ಯೂಬ್ ಬಾಗಿಸಿದೆ, ರಕ್ತ ಜಾರಲಿಲ್ಲ. ಹೊರಗೆ ಬೆಳಕು ಹರಿಯಿತು.*

ಇನ್ನು ಬೆಳಗಾಗುವ ಮಾತುಗಳು. ಕಿಟಕಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮಸೀದಿಯ ಆಜಾನ್ ಕೇಳುತ್ತದೆ, ಸ್ವಲ್ಪ ಹೊತ್ತಿಗೆ ಗುಡಿಯ ಗಂಟೆ. ಹಾಲಿನ ಗಾಡಿ ಬರುತ್ತದೆ. ಶರಣಬಸಪ್ಪನ ಊರು, ಬಂದೇನವಾಜರ ಊರು ಒಟ್ಟಿಗೇ ಏಳುತ್ತದೆ. ವಾರ್ಡಿನಲ್ಲಿ ಒಬ್ಬ ಅಜ್ಜ ಕೈ ಮುಗಿಯುತ್ತಾನೆ, ಪಕ್ಕದ ಬೆಡ್ಡಿನ ಚಾಚಾ ಕೈ ಎತ್ತುತ್ತಾನೆ. ಇಬ್ಬರಿಗೂ ಬಿಪಿ ಪಟ್ಟಿ ಕಟ್ಟಲು ನಾನು ಪ್ರಾರ್ಥನೆ ಮುಗಿಯುವವರೆಗೆ ನಿಲ್ಲುತ್ತೇನೆ.

*ಊರಿಗೆ ಕೋಳಿ ಕೂಗಿದರೆ ಬೆಳಗು. ನಮಗೆ ರೋಗಿ "ಹಸಿವಾಗೇದ್ರಿ" ಅಂದರೆ ಬೆಳಗು.*

*ಆಜಾನ್ ಆಯಿತು, ಗಂಟೆ ಆಯಿತು, ಆರು ಗಂಟೆಯ ಇಂಜೆಕ್ಷನ್ನೂ ಆಯಿತು. ದೇವರೇ, ಎಲ್ಲರ ಲೆಕ್ಕ ಸರಿ ಇದೆ.*

*ರಾತ್ರಿ 102 ಇದ್ದ ಜ್ವರ ಬೆಳಗ್ಗೆ 99. ಯಾರಾದರೂ ಚಹಾ ತರಿಸ್ರಿ, ಹಬ್ಬ ಇವತ್ತು.*

*ಹೆರಿಗೆ ವಾರ್ಡಿನಿಂದ: ಈ ಊರಿನ ಅತಿ ಚಿಕ್ಕ ಮನುಷ್ಯನ ಮುಖ ಮೊದಲು ನೋಡಿದವಳು ನಾನು.*

ಬ್ರದರ್‌ಗಳು ತಮಗೂ ಒಂದು ಬೇಕು ಅಂತ ಕೇಳಿದರು. ಕೇಳುವುದು ಸರಿ. ರಾತ್ರಿ ಎಮರ್ಜೆನ್ಸಿಯಲ್ಲಿ ಸ್ಟ್ರೆಚರ್ ಎತ್ತುವುದರಿಂದ ಹಿಡಿದು ಕ್ಯಾಥೆಟರ್ ಹಾಕುವವರೆಗೆ ಅವರ ಕೈ ಇಲ್ಲದೆ ಆಗುವುದಿಲ್ಲ. ನಮ್ಮ ಬ್ರದರ್ ಒಬ್ಬರು ತಾವೇ ಬರೆದರು:

*ನಿದ್ದೆಗಣ್ಣಲ್ಲಿ ಅಜ್ಜಿ ನನ್ನನ್ನೂ "ಸಿಸ್ಟರ್" ಅಂತ ಕರೆದಳು. ಓ ಅಂದೆ. ಆ ಹೆಸರಿಗೆ ಇರೋ ಗೌರವ ನನಗೂ ಸಿಕ್ಕಿತು.*

ಮೇ 12 ಬಂದರೆ ಎಲ್ಲರೂ ಫ್ಲಾರೆನ್ಸ್ ನೈಟಿಂಗೇಲ್ ಚಿತ್ರ ಹಾಕುತ್ತಾರೆ. 1820ರಲ್ಲಿ ಹುಟ್ಟಿದವರು, ಕ್ರಿಮಿಯಾ ಯುದ್ಧದಲ್ಲಿ ದೀಪ ಹಿಡಿದು ಸೈನಿಕರ ಮಧ್ಯೆ ಓಡಾಡಿದವರು. ದೀಪದ ಕಥೆ ಎಲ್ಲರಿಗೂ ಗೊತ್ತು. ನನಗೆ ಇಷ್ಟವಾಗುವುದು ಇನ್ನೊಂದು. ಅವರು ಲೆಕ್ಕ ಇಟ್ಟರು. ಗುಂಡೇಟಿಗಿಂತ ರೋಗಗಳಿಗೇ ಹೆಚ್ಚು ಸೈನಿಕರು ಸತ್ತರು ಅಂತ ಅಂಕಿಗಳನ್ನು ಚಿತ್ರ ಮಾಡಿ ಸರ್ಕಾರದ ಮುಂದಿಟ್ಟರು. ಹಾಗಾಗಿ ಬೆಳಗಿನ ಐದಕ್ಕೆ ಕಣ್ಣು ಉಜ್ಜಿಕೊಂಡು ಚಾರ್ಟ್ ತುಂಬುವ ಎಲ್ಲರಿಗೂ ಇದು:

*ದೀಪ ಹಿಡಿದ ಕೈಯೇ ಲೆಕ್ಕವನ್ನೂ ಬರೆಯಿತು. ನನ್ನ ಚಾರ್ಟಿನ ಅಕ್ಷರ ಸೊಟ್ಟ ಇರಬಹುದು, ಅಂಕಿ ಸೊಟ್ಟ ಇಲ್ಲ.*

ದೂರದ ಹೆಸರು ಯಾಕೆ, ನಮ್ಮ ಪಕ್ಕದ ಕಲ್ಯಾಣದಲ್ಲೇ 12ನೇ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣ ಇದ್ದರು. ರೋಗಿಯನ್ನು ನೋಡುವುದೇ ಅವರ ಕಾಯಕ. ಬೀದರಿನಿಂದ ಬಂದ ನಮ್ಮ ಹಿರಿಯ ಸಿಸ್ಟರ್ ಇದನ್ನು ಬಹಳ ಅಭಿಮಾನದಿಂದ ಹೇಳುತ್ತಾರೆ. ಅವರು ಬರೆದದ್ದು:

*ಬಿಳಿ ಸೀರೆ ಹೋಗಿ ಚೂಡಿದಾರ್ ಬಂತು, ಗಾಜಿನ ಸಿರಿಂಜ್ ಹೋಗಿ ಪ್ಲಾಸ್ಟಿಕ್ ಬಂತು. ಕಾಯಕ ಅದೇ ಇದೆ.*

ನೋವಿನವೂ ಇವೆ. ಅವನ್ನು ಬಿಟ್ಟರೆ ಇದು ಸುಳ್ಳಾಗುತ್ತದೆ. ವಿವರಿಸುವುದಿಲ್ಲ, ರಾತ್ರಿ ಪಾಳಿ ಮಾಡಿದವರಿಗೆ ವಿವರ ಬೇಡ.

*ಒಂದು ಬೆಡ್ ಖಾಲಿಯಾಯಿತು. ಕಣ್ಣು ಮುಚ್ಚಿಸಿದೆ, ಕೈ ಎದೆ ಮೇಲಿಟ್ಟೆ. ಮುಖ ತೊಳೆದು ಪಕ್ಕದ ಬೆಡ್‌ಗೆ ಹೋದೆ.*

*ರಾತ್ರಿ ನನ್ನನ್ನು ಬೈದವರ ಅಪ್ಪನಿಗೂ ಬೆಳಗ್ಗೆ ಇದೇ ಕೈಯಿಂದ ಔಷಧಿ ಕೊಟ್ಟೆ. ಅಪ್ಪ ಹುಷಾರಾಗಲಿ.*

*ಅವನ ಮಗ ಪುಣೆಯಿಂದ ಹೊರಟು ಇನ್ನೂ ದಾರಿಯಲ್ಲಿದ್ದ. ಬರುವವರೆಗೆ ಅಜ್ಜನ ಕೈ ನಾನು ಹಿಡಿದಿದ್ದೆ. ಕೈ ಖಾಲಿ ಬಿಡಲಿಲ್ಲ.*

ಆಮೇಲೆ ಮನೆ ದಾರಿ. ಊರೆಲ್ಲ ಸ್ನಾನ ಮಾಡಿ ಕುಂಕುಮ ಇಟ್ಟು ಹೊರಡುವಾಗ ನಾವು ಎಣ್ಣೆ ಇಳಿದ ಮುಖ ಹೊತ್ತು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸುತ್ತೇವೆ. ಬ್ಯಾಗಿನಲ್ಲಿ ರಾತ್ರಿ ಉಳಿದ ಅರ್ಧ ರೊಟ್ಟಿ, ಶೇಂಗಾ ಹಿಂಡಿ. ತಿನ್ನಲು ಕೂತಾಗಲೇ ಕರೆಗಂಟೆ ಬಾರಿಸಿತ್ತು.

*ಕಂಡಕ್ಟರ್ ಅಣ್ಣಾ, ನನ್ನ ಸ್ಟಾಪ್ ಬಂದಾಗ ಎಬ್ಬಿಸ್ರಿ. ರಾತ್ರಿಯೆಲ್ಲಾ ನಾನು ಬೇರೆಯವರನ್ನ ಎಬ್ಬಿಸಿ ಮಾತ್ರೆ ಕೊಟ್ಟೀನಿ.*

*ಅರ್ಧ ರೊಟ್ಟಿ ಉಳಿಯಿತು, ಒಂದು ಜೀವವೂ ಉಳಿಯಿತು.*

*ಮಗಳ ಶಾಲೆ ಗಾಡಿ ಬರೋಕೆ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಎರಡು ಜಡೆ, ಒಂದು ಮುತ್ತು. ಆಮೇಲೆ ನಿದ್ದೆ.*

*ಅತ್ತೆ ಕದ ಮುಂದೆ ಮಾಡಿ, ಟಿವಿ ಸಣ್ಣಗೆ ಮಾಡಿ, "ಮಲ್ಕೋ ಯವ್ವಾ" ಅಂದರು. ಪ್ರಶಸ್ತಿ ಬಂದಷ್ಟೇ ಸಂತೋಷ.*

ಬೋರ್ಡಿನ ಮೂಲೆಯಲ್ಲಿ ಕಳೆದ ವಾರ ಕೊನೆಗೆ ಬರೆದದ್ದನ್ನು ಹಗಲಿನವರು ಒರೆಸಲಿಲ್ಲ. ಸಂಜೆ ಬಂದಾಗಲೂ ಹಾಗೇ ಇತ್ತು, ಪಕ್ಕದಲ್ಲಿ ಬೇರೆ ಪೆನ್ನಿನಲ್ಲಿ "ಕೊಟ್ಟೆವು" ಅಂತ ಬರೆದಿದ್ದರು:

*ಡೇ ಡ್ಯೂಟಿ ಅಕ್ಕಂದಿರಿಗೆ: 7ನೇ ಬೆಡ್ ಅಜ್ಜಿ ರಾತ್ರಿಯಿಡೀ ಮಲಗಿಲ್ಲ, ಈಗ ಕಣ್ಣು ಮುಚ್ಚ್ಯಾಳ. ಬಿಪಿ ಆರಕ್ಕೆ ನೋಡೀನಿ, ಸರಿ ಇದೆ. ಎಬ್ಬಿಸಬೇಡ್ರಿ. ಎದ್ದ ಮೇಲೆ ಚಹಾ ಕೊಡ್ರಿ, ಸಕ್ಕರೆ ಹಾಕದೆ.*