ಭತ್ತದ ಗದ್ದೆ ಡೊಂಬಿವಲಿಗೆ ಬಂದ ಕಥೆ: ಶನಿವಾರದ ಪ್ರಾರ್ಥನೆಯಲ್ಲಿ ಪ್ರಿನ್ಸಿಪಾಲ್ ಮಾತು

ಕೂತ್ಕೊಳ್ಳಿ ಮಕ್ಳೇ, ಹಿಂದಿನ ಸಾಲಿನವ್ರು ಬ್ಯಾಗ್ ಕೆಳಗಿಡಿ, ಹತ್ತೇ ನಿಮಿಷ.

ನಿನ್ನೆ ಒಂಬತ್ತನೇ ಕ್ಲಾಸಿನ 'ನಮ್ಮೂರ ಮಳೆಗಾಲ' ಪ್ರಬಂಧ ಓದ್ತಾ ಕೂತಿದ್ದೆ. ನಲವತ್ತೊಂದು ನೋಟ್‌ಬುಕ್, ಅದ್ರಲ್ಲಿ ಹದಿನೇಳು "ಮಳೆಯು ಪ್ರಕೃತಿಯ ಅಮೂಲ್ಯ ಕೊಡುಗೆಯಾಗಿದೆ" ಅಂತಾನೇ ಶುರು, ಮೊಬೈಲಲ್ಲಿ ಎಐ ಬರ್ಕೊಟ್ಟಿದ್ದನ್ನ ಹಾಗೇ ಇಳಿಸಿದ ಹಾಗೆ. ಒಬ್ಬ ಮಹಾಶಯ ಮನೆ ಮುಂದಿನ ಭತ್ತದ ಗದ್ದೆ ಹಸಿರಾಗಿ ತೂಗ್ತಿದೆ ಅಂತ ಬರ್ದಿದ್ದಾನೆ, ಇರೋದು ಡೊಂಬಿವಲಿ ಸ್ಟೇಷನ್ ಪಕ್ಕ ನಾಲ್ಕನೇ ಮಾಳಿಗೆಲಿ! ನಗ್ಬೇಡಿ, ಹೆಸ್ರು ಹೇಳಲ್ಲ.

ಅದೇ ಕಟ್ಟಲ್ಲಿ ಇನ್ನೊಂದು ನೋಟ್‌ಬುಕ್. ಹಳಿ ಮೇಲೆ ನೀರು ನಿಂತು ಲೋಕಲ್ ಕುರ್ಲಾ-ಸಾಯನ್ ಮಧ್ಯೆ ನಿಂತ್ಬಿಟ್ಟಿತ್ತಂತೆ, ಲೇಡೀಸ್ ಡಬ್ಬಿಯಲ್ಲಿ ಯಾರೋ ಆಂಟಿ ಟಿಫಿನ್ ಬಿಚ್ಚಿ ಎರಡು ಚಪಾತಿನ ಆರು ಜನಕ್ಕೆ ಹರಿದು ಕೊಟ್ರಂತೆ, ಆಮೇಲೆ ಅಮ್ಮನ ಚಪ್ಪಲಿ ನೀರಲ್ಲಿ ಹೋಯ್ತಂತೆ. ಒತ್ತಕ್ಷರ ಹನ್ನೊಂದು ಕಡೆ ತಪ್ಪು. ಎರಡು ಸಲ ಓದ್ದೆ. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಅವತ್ತು ಸೊಂಟದ ಮಟ್ಟ ನೀರಲ್ಲಿ ನಡೆದು ಮನೆ ಸೇರಿದೋನು ನಾನು, ಆ ಚಪ್ಪಲಿ ನಂಗೆ ಕಣ್ಣಿಗೆ ಕಟ್ತು.

ನಾನೇನು ಸತ್ಯಹರಿಶ್ಚಂದ್ರ ಅಲ್ಲ. ಎಂಟನೇಲಿ ಗೈಡ್ ನೋಡಿ ಪ್ರಬಂಧ ಇಳಿಸಿದ್ದೆ, ಮೇಷ್ಟ್ರು ಬೈಲಿಲ್ಲ, "ಅನುಪಮ ಅಂದ್ರೇನೋ?" ಅಂತ ಕೇಳಿದ್ರು ಅಷ್ಟೇ. ನಿಂತೇ ಇದ್ದೆ.

ಮೊಬೈಲ್ ಮುಟ್ಲೇಬೇಡಿ ಅಂತ ಹೇಳ್ತಿಲ್ಲ. ಮನೇಲಿ ತುಳು, ಗಲ್ಲೀಲಿ ಮರಾಠಿ, ಇಲ್ಲಿ ಕನ್ನಡ, ನಿಮ್ ಕಷ್ಟ ಗೊತ್ತು. ಪದದ ಅರ್ಥ ನೋಡಿ, ಸ್ಪೆಲ್ಲಿಂಗ್ ಚೆಕ್ ಮಾಡ್ಕೊಳ್ಳಿ, ನೀವೇ ಬರೆದ ವಾಕ್ಯ ಎಲ್ಲಿ ತಪ್ಪಿದೆ ಅಂತ ಎಐ ಹತ್ರ ಕೇಳಿ, ಪರ್ವಾಗಿಲ್ಲ. ಆದ್ರೆ ವಿಷಯ ಟೈಪ್ ಮಾಡಿ ಬಂದಿದ್ದನ್ನ ಹಾಗೇ ಇಳಿಸಿ ಮೇಲೆ ನಿಮ್ ಹೆಸ್ರು ಹಾಕೋದು ಬೇಡ. ಸಹಾಯ ತಗೊಂಡ್ರೆ ಕೊನೇಲಿ ಒಂದು ಸಾಲು ಬರೀರಿ, ಮಾರ್ಕ್ಸ್ ಕಟ್ ಆಗಲ್ಲ. ಪೋಷಕರಿಗೆ ಮರಾಠಿ ನೋಟಿಸ್ ಕಳಿಸಿದ್ನಲ್ಲ, ಅದನ್ನ ನಾನೂ ಆ್ಯಪ್‌ನಲ್ಲೇ ಅನುವಾದ ಮಾಡಿದ್ದು, ಮರಾಠಿ ಟೀಚರ್ ಕೈಲಿ ತಿದ್ದಿಸ್ದೆ, ಅವ್ರು ಮೂರು ಕಡೆ ಕೆಂಪು ಗೆರೆ ಹಾಕಿದ್ರು ಅನ್ನೋದು ಬೇರೆ ಮಾತು.

ಇನ್ನೊಂದು, ಎಐ ಬರ್ದಿದ್ದಾ ಅಂತ ಕಂಡುಹಿಡಿಯೋ ಸಾಫ್ಟ್‌ವೇರ್ ನಾವು ಬಳಸಲ್ಲ. ಸ್ವಂತ ಬರ್ದವ್ರನ್ನೂ ಅದು ಕಳ್ಳ ಅನ್ಬಿಡತ್ತೆ. ಡೌಟ್ ಬಂದ್ರೆ ಟೀಚರ್ ಪಕ್ಕ ಕೂರಿಸ್ಕೊಂಡು ಕೇಳ್ತಾರೆ, ಈ ಸಾಲು ಯಾಕೆ ಬರ್ದೆ ಅಂತ. ರಫ್ ಕಾಪಿ ಹರೀಬೇಡಿ, ಚಿತ್ತು ಕಾಟು ಇದ್ರೇ ಒಳ್ಳೇದು, ಅದೇ ನಿಮ್ ಸಾಕ್ಷಿ.

ಆ ಹದಿನೇಳು ಜನ ಯಾರು ಅಂತ ನಿಮ್ಗೇ ಗೊತ್ತು. ಯಾರಿಗೂ ಸೊನ್ನೆ ಹಾಕಿಲ್ಲ, ಗುರುವಾರದೊಳಗೆ ಇನ್ನೊಂದು ಸಲ ಬರ್ಕೊಂಡು ಬನ್ನಿ, ಒಂದು ಪುಟ ಸಾಕು, ಗದ್ದೆ ಬೇಡ, ನಿಮ್ ಮಾಳಿಗೆ ಮೆಟ್ಟಿಲಲ್ಲಿ ಒದ್ದೆ ಛತ್ರಿ ಎಲ್ಲಿಡ್ತೀರಿ ಅಂತ ಬರೀರಿ. ಈಗ ಐದನೇ ಕ್ಲಾಸಿನವ್ರು ಮೊದ್ಲು ಏಳಿ, ಸಾಲಾಗಿ.