ದೊಡ್ಡಪ್ಪನ ಕರಡು, ಪೌರಾಯುಕ್ತರಿಗೆ ಪತ್ರ

ದೊಡ್ಡಪ್ಪಾ,

ನಿನ್ನೆ ರಾತ್ರಿ ನೀವು ಕೊಟ್ಟ ಕರಡನ್ನು ಎರಡು ಸಲ ಓದಿದೆ. ನಿಮ್ಮ ಸಿಟ್ಟು ಪೂರ್ತಿ ನ್ಯಾಯವಾದದ್ದು. ಪುಟ್ಟಿಗೆ ಡ್ರಿಪ್ ಹಾಕಿಸಿದ ದಿನ ಆಸ್ಪತ್ರೆಯಲ್ಲಿ ನಾನೂ ಇದ್ದೆನಲ್ಲ. ಆದರೆ ಈ ಸಾಲುಗಳನ್ನು ಇನ್ನೊಂದು ಸಲ ನೋಡಿ:

"ನಿಮಗೆ ಮಾನ ಮರ್ಯಾದೆ ಇದೆಯಾ? ಒಂದು ತಿಂಗಳಿಂದ ಚರಂಡಿ ನೀರು ಕುಡಿಸುತ್ತಿದ್ದೀರಿ. ನಿಮ್ಮ ಮನೆ ಮಕ್ಕಳಿಗೆ ಇದೇ ನೀರು ಕುಡಿಸಿ ನೋಡಿ. ಆ ಇಂಜಿನಿಯರ್ ಕಂಟ್ರಾಕ್ಟರ್ ಹತ್ತಿರ ದುಡ್ಡು ತಿಂದು ಗುಂಡಿ ಮುಚ್ಚಿಸಿದ್ದಾನೆ. ಎಂಟು ದಿನದಲ್ಲಿ ಸರಿಯಾಗದಿದ್ದರೆ ಆಫೀಸಿಗೆ ಬೀಗ ಜಡಿಯುತ್ತೇವೆ!"

ದುಡ್ಡು ತಿಂದದ್ದಕ್ಕೆ ನಮ್ಮ ಹತ್ತಿರ ಸಾಕ್ಷಿ ಇಲ್ಲ. ಅದೊಂದು ಸಾಲು ಇದ್ದರೆ ಅವರು ಅದಕ್ಕೇ ಉತ್ತರ ಬರೆದು ನೀರಿನ ಮಾತನ್ನೇ ಬಿಟ್ಟುಬಿಡುತ್ತಾರೆ. ಬೀಗದ ಮಾತು ಹಿಡಿದು ನಿಮ್ಮ ಮೇಲೆಯೇ ಪೊಲೀಸ್ ಕಂಪ್ಲೇಂಟ್ ಕೊಡಬಹುದು. ಗುಂಡಿ ತೋಡಿದ್ದು, ಸೋರಿಕೆ ಕಂಡದ್ದು, ಅದೇ ಸಂಜೆ ಮಣ್ಣು ಮುಚ್ಚಿದ್ದು ಮಾತ್ರ ಬಲವಾದ ಮಾತು. ಕರಡಿನಲ್ಲಿ ಅದು ನಾಲ್ಕನೇ ಪುಟದಲ್ಲಿ ಅಡಗಿಕೊಂಡಿತ್ತು, ಮುಂದಕ್ಕೆ ತಂದಿದ್ದೇನೆ. ತಾರೀಖುಗಳೆಲ್ಲ ನಿಮ್ಮ ಡೈರಿಯವೇ.

ಎರಡು ಪ್ರತಿ ಪ್ರಿಂಟ್ ತೆಗೆಸಿದ್ದೇನೆ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ. "ಸಾಹೇಬ್ರು ಇಲ್ಲ, ನಾಳೆ ಬನ್ನಿ" ಅಂದರೆ ಅಲ್ಲೇ ಕೂತಿರಿ.

ದಿನಾಂಕ: 23 ಜೂನ್ 2025

ಗೆ,
ಪೌರಾಯುಕ್ತರು,
ನಗರಸಭೆ ಕಾರ್ಯಾಲಯ

ವಿಷಯ: 4ನೇ ಅಡ್ಡರಸ್ತೆಯ ಕುಡಿಯುವ ನೀರಿಗೆ ಒಳಚರಂಡಿ ನೀರು ಸೇರುತ್ತಿರುವುದು, ಮೇ 27ರಂದು ಪತ್ತೆಯಾದ ಸೋರಿಕೆ ಇನ್ನೂ ದುರಸ್ತಿಯಾಗದಿರುವುದು.

ಉಲ್ಲೇಖ: ದೂರು ವಹಿ ಸಂಖ್ಯೆ 214, ದಿನಾಂಕ 21 ಮೇ 2025, ನಮ್ಮ ಪತ್ರ, ದಿನಾಂಕ 4 ಜೂನ್ 2025 (ಸ್ವೀಕೃತಿ ಸೀಲು ಇದೆ).

ಮಾನ್ಯರೇ,

ಮೇ 27ರ ಬೆಳಿಗ್ಗೆ ನಿಮ್ಮ ಕಿರಿಯ ಇಂಜಿನಿಯರ್ ನಮ್ಮ ರಸ್ತೆಗೆ ಬಂದು, ಮೂಲೆಯ ಮ್ಯಾನ್‌ಹೋಲ್ ಪಕ್ಕದಲ್ಲಿ ಗುಂಡಿ ತೋಡಿಸಿದರು. ಒಳಚರಂಡಿ ಕೊಳವೆಯ ಜಾಯಿಂಟ್ ಸೋರುತ್ತಿತ್ತು. ಅದರ ಕೆಳಗೇ ನೀರಿನ ಪೈಪು ಹಾದುಹೋಗಿದೆ. ಗುಂಡಿಯಲ್ಲಿ ಕಪ್ಪು ನೀರು ನಿಂತು, ಆ ಪೈಪು ಅದರಲ್ಲಿ ಮುಳುಗಿತ್ತು. ಇದರ ಫೋಟೋಗಳನ್ನು ಲಗತ್ತಿಸಿದ್ದೇವೆ. ಅದೇ ದಿನ ಸಂಜೆ ಐದೂವರೆಗೆ ಗುಂಡಿಗೆ ಮಣ್ಣು ತುಂಬಿದರು. ಜಾಯಿಂಟ್ ಬದಲಾಗಲಿಲ್ಲ. "ಸಾಮಾನು ಬಂದ ಮೇಲೆ ಮಾಡ್ತೀವಿ" ಎಂದು ಸ್ಥಳದಲ್ಲಿದ್ದ ಸಿಬ್ಬಂದಿ ಹೇಳಿದರು. ಇಂದಿಗೆ 27 ದಿನವಾಯಿತು.

ನಮ್ಮ ರಸ್ತೆಗೆ ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಆರಕ್ಕೆ ನೀರು ಬಿಡುತ್ತಾರೆ. ಮೇ 19ರಿಂದ, ನಲ್ಲಿ ತಿರುಗಿಸಿದಾಗ ಮೊದಲ ನಾಲ್ಕೈದು ಬಿಂದಿಗೆ ನೀರು ಕಪ್ಪಾಗಿ, ಕೊಳಚೆ ವಾಸನೆಯಿಂದ ಬರುತ್ತಿದೆ. ಆಮೇಲೆ ತಿಳಿಯಾಗಿ ಕಾಣುತ್ತದೆ. ನೀರು ನಿಂತಿರುವ ಎರಡು ದಿನ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಆ ಹೊತ್ತಿನಲ್ಲೇ ಸುತ್ತಲ ಕೊಳಚೆ ಒಳಗೆ ನುಗ್ಗುತ್ತಿರಬೇಕು ಎಂಬುದು ನಮ್ಮ ಅನುಮಾನ. ತಿಳಿಯಾಗಿ ಕಂಡ ನೀರು ಸುರಕ್ಷಿತವೆಂದು ನಾವು ನಂಬಿಲ್ಲ. ನಂಬಲು ಕಾರಣವೂ ಇಲ್ಲ. ಜೂನ್ 9ರಂದು ಆರೋಗ್ಯ ಇಲಾಖೆಯ ಸಿಬ್ಬಂದಿ ಎರಡು ಮನೆಗಳ ನಲ್ಲಿಯಿಂದ ಎಚ್‌ಟುಎಸ್ ಬಾಟಲಿಯಲ್ಲಿ ನೀರು ಹಿಡಿದರು. ಮರುದಿನ ಬೆಳಿಗ್ಗೆ ಎರಡೂ ಬಾಟಲಿ ಕಪ್ಪಾಗಿದ್ದವು. ಈ ಬಾಟಲಿ ಕಪ್ಪಾದರೆ ನೀರಿನಲ್ಲಿ ಮಲದ ಅಂಶ ಸೇರಿರುವ ಸಂಭವವಿದೆ ಎಂದರ್ಥ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 100 ಮಿ.ಲೀ. ನೀರಿನಲ್ಲಿ ಇ-ಕೋಲಿ ಕಾಣಲೇಬಾರದು.

ಜೂನ್ 7ರಿಂದ 14ರ ನಡುವೆ ನಮ್ಮ ರಸ್ತೆಯ 5 ಮನೆಗಳಲ್ಲಿ 9 ಜನರಿಗೆ ವಾಂತಿ ಭೇದಿಯಾಗಿದೆ. ಇವರಲ್ಲಿ ಮೂವರು ಮಕ್ಕಳು. ಆರು ವರ್ಷದ ಒಂದು ಮಗುವನ್ನು ಎರಡು ದಿನ ಆಸ್ಪತ್ರೆಯಲ್ಲಿ ಇರಿಸಬೇಕಾಯಿತು. ಕಾಯಿಲೆಗೆ ಈ ನೀರೇ ಕಾರಣ ಎಂದು ನಾವೇ ತೀರ್ಪು ಕೊಡುತ್ತಿಲ್ಲ. ಅದನ್ನು ಪರೀಕ್ಷೆ ಹೇಳಬೇಕು. ಪರೀಕ್ಷೆ ಮಾಡಿಸಿ ಎಂದು ಜೂನ್ 4ರ ಪತ್ರದಲ್ಲೇ ಕೇಳಿದ್ದೆವು. ಮೊದಲ ವ್ಯಕ್ತಿ ಕಾಯಿಲೆ ಬೀಳುವುದಕ್ಕೆ ಮೂರು ದಿನ ಮುಂಚೆ ಆ ಪತ್ರ ನಿಮ್ಮ ಕಚೇರಿಗೆ ತಲುಪಿದೆ. ಇದನ್ನು ದಯವಿಟ್ಟು ಗಮನಿಸಿ.

ನಿಮ್ಮ ನೀರುಗಂಟಿಯವರ ಮೇಲೆ ನಮ್ಮ ದೂರಿಲ್ಲ. ಕೇಳಿದಾಗಲೆಲ್ಲ ಬಂದು ನೋಡಿದ್ದಾರೆ, ಮೇಲಿನವರಿಗೆ ತಿಳಿಸಿದ್ದಾರೆ. ಜೂನ್ 12 ಮತ್ತು 14ರಂದು ಟ್ಯಾಂಕರ್ ಬಂತು, ಅದಕ್ಕೂ ಕೃತಜ್ಞರಾಗಿದ್ದೇವೆ. ಆಮೇಲೆ ಬರಲಿಲ್ಲ. ಈಗ ಮನೆಗೆ ದಿನಕ್ಕೆರಡು ಕ್ಯಾನ್ ನೀರು ಕೊಳ್ಳುತ್ತಿದ್ದೇವೆ. ಕೂಲಿ ಮಾಡುವ ಮನೆಯವರಿಗೆ ಅದೂ ಆಗುತ್ತಿಲ್ಲ, ಅವರು ಇದೇ ನೀರನ್ನು ಕಾಯಿಸಿ ಕುಡಿಯುತ್ತಿದ್ದಾರೆ.

ಆದ್ದರಿಂದ ನಮ್ಮ ಕೋರಿಕೆ ಹೀಗಿದೆ. ನಾಳೆಯಿಂದಲೇ, ದುರಸ್ತಿ ಮುಗಿಯುವ ತನಕ, ಪ್ರತಿದಿನ ಟ್ಯಾಂಕರ್ ನೀರು ಕೊಡಬೇಕು. ಜೂನ್ 30ರೊಳಗೆ ಸೋರುವ ಜಾಯಿಂಟ್ ಬದಲಾಯಿಸಿ, ಅಲ್ಲಿ ಹಾದುಹೋಗುವ ನೀರಿನ ಪೈಪನ್ನು ಒಳಚರಂಡಿಯಿಂದ ದೂರಕ್ಕೆ ಸರಿಸಬೇಕು. ಅದಾದ ಮೇಲೆ ರಸ್ತೆಯ ಎರಡೂ ತುದಿಯಿಂದ ನೀರಿನ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ, ವರದಿಯ ಪ್ರತಿ ನಮಗೆ ಕೊಡಬೇಕು. ಮಾದರಿ ತೆಗೆಯುವಾಗ ನಮ್ಮಲ್ಲಿ ಇಬ್ಬರು ಹಾಜರಿರುತ್ತೇವೆ. ಈ ಕೆಲಸದ ಹೊಣೆ ಯಾವ ಅಧಿಕಾರಿಯದು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಸಾಮಾನು ಬರಬೇಕಿದ್ದರೆ ಅದಕ್ಕೆ ಬೇಡಿಕೆ ಹೋದ ದಿನಾಂಕವನ್ನೂ ತಿಳಿಸಿ.

ಮೇ 27ರ ಸ್ಥಳ ತನಿಖೆಯ ಟಿಪ್ಪಣಿ, ಅಂದು ತೋಡಿ ಮುಚ್ಚಿದ ಕೆಲಸದ ಅಳತೆ ಪುಸ್ತಕದ ಪುಟ ಮತ್ತು ಏಪ್ರಿಲ್‌ನಿಂದ ಈಚಿನ ನೀರಿನ ಪರೀಕ್ಷಾ ವರದಿಗಳ ಪ್ರತಿ ಕೋರಿ, ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಇಂದೇ 10 ರೂಪಾಯಿ ಪೋಸ್ಟಲ್ ಆರ್ಡರ್ ಜೊತೆಗೆ ಪ್ರತ್ಯೇಕ ಅರ್ಜಿ ಕೊಟ್ಟಿದ್ದೇವೆ. ಅದಕ್ಕೆ 30 ದಿನಗಳ ಕಾಲಾವಕಾಶ ಇದೆ. ಕುಡಿಯುವ ನೀರು ಅಷ್ಟು ದಿನ ಕಾಯುವ ವಿಷಯವಲ್ಲ. ಆದ್ದರಿಂದ ಈ ಪತ್ರಕ್ಕೆ ಜುಲೈ 1ರೊಳಗೆ ಲಿಖಿತ ಉತ್ತರ ಬೇಕು. ಉತ್ತರ ಬಾರದಿದ್ದರೆ, ಅಥವಾ ದುರಸ್ತಿ ಶುರುವಾಗದಿದ್ದರೆ, ಜುಲೈ 2ರಂದು ಇದೇ ದಾಖಲೆಗಳೊಂದಿಗೆ ಜಿಲ್ಲಾಧಿಕಾರಿಗಳನ್ನು ಖುದ್ದಾಗಿ ಕಾಣುತ್ತೇವೆ. ಆಗಲೂ ಕೆಲಸ ಆಗದಿದ್ದರೆ ಲೋಕಾಯುಕ್ತಕ್ಕೆ ದೂರು ಕೊಡುತ್ತೇವೆ.

ಜೂನ್ 30ಕ್ಕೆ ಮೊದಲೇ ಕೆಲಸ ಮುಗಿದರೆ, ಮುಗಿದಿದೆ ಎಂದು ನಾವೇ ಬರೆದು, ಎಲ್ಲರೂ ಸಹಿ ಹಾಕಿ, ಇದೇ ಟಪಾಲು ವಿಭಾಗಕ್ಕೆ ತಂದು ಕೊಡುತ್ತೇವೆ. ಗುಂಡಿ ತೋಡುವ ದಿನ ರಸ್ತೆಯಲ್ಲಿ ಒಂದೂ ವಾಹನ ನಿಲ್ಲದಂತೆ ನೋಡಿಕೊಳ್ಳುತ್ತೇವೆ. ಹಿಂದಿನ ದಿನ ತಿಳಿಸಿದರೆ ಸಾಕು.

ಇತಿ ತಮ್ಮ ವಿಶ್ವಾಸಿಗಳು,
4ನೇ ಅಡ್ಡರಸ್ತೆಯ 22 ಮನೆಯವರು
(ಹೆಸರು, ಮನೆ ನಂಬರು, ಫೋನ್ ನಂಬರು, ಸಹಿ: ಲಗತ್ತು 4)

ಲಗತ್ತುಗಳು:
1. ಮೇ 27ರ ಗುಂಡಿಯ ಫೋಟೋ 3, ಕಪ್ಪಾದ ಬಾಟಲಿಗಳ ಫೋಟೋ 1
2. ಜೂನ್ 4ರ ಪತ್ರದ ಸೀಲು ಇರುವ ಪ್ರತಿ
3. ಆಸ್ಪತ್ರೆಯ ಬಿಡುಗಡೆ ಚೀಟಿ ಮತ್ತು ಔಷಧಿ ಚೀಟಿಗಳು, ಮನೆಯವರ ಒಪ್ಪಿಗೆಯಿಂದ
4. ಸಹಿ ಹಾಳೆ, 2 ಪುಟ

ಪ್ರತಿ: ಜಿಲ್ಲಾಧಿಕಾರಿಗಳು, ಜಿಲ್ಲಾ ಆರೋಗ್ಯಾಧಿಕಾರಿಗಳು, ನಮ್ಮ ವಾರ್ಡಿನ ಸದಸ್ಯರು